ಉದ್ದ ಸರಿ, ಎಣಿಕೆ ತಪ್ಪು: ಎಲ್‌ಐಎಸ್ ಎಣಿಸುವ ಕೋಡಿನಲ್ಲಿ ದೋಷ ಹುಡುಕುವ ಬಗೆ

ಅತಿ ಉದ್ದದ ಏರಿಕೆಯ ಉಪಸರಣಿ, ಅಂದರೆ ಎಲ್‌ಐಎಸ್, ಎಷ್ಟು ಉದ್ದ ಅಂತ ಕೇಳಿದರೆ ನಿಮ್ಮ ಕೋಡ್ ಸರಿಯಾಗಿ ಹೇಳುತ್ತದೆ. ಅಷ್ಟು ಉದ್ದದವು ಒಟ್ಟು ಎಷ್ಟಿವೆ ಅಂತ ಕೇಳಿದರೆ ಮಾತ್ರ ಎಡವುತ್ತದೆ. ಕೊಟ್ಟ ಮಾದರಿ ಉದಾಹರಣೆಗಳೆಲ್ಲ ಪಾಸ್, ಆಮೇಲೆ ಬರುವ ದೊಡ್ಡ ಟೆಸ್ಟ್ ಕೇಸ್ ಫೇಲ್. ಈ ಬರಹ ಸರಿಯಾಗಿ ಈ ಲಕ್ಷಣ ಇರುವ ಕೋಡಿಗೆ. ಉದ್ದವೇ ತಪ್ಪಾಗಿ ಬರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಆದರೆ ಉದ್ದವೂ ಕೆಡುವ ಒಂದು ವಿಚಿತ್ರ ಸಂದರ್ಭ ಇದೆ, ಅದು ಕೊನೆಯ ಹೊತ್ತಿಗೆ ಬರುತ್ತದೆ.

ಕೋಡ್ ತೆರೆಯುವ ಮುಂಚೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. `[1, 1, 2]` ಎಂಬ ಅರೇ ತೆಗೆದುಕೊಳ್ಳಿ. ಇಲ್ಲಿ ಉದ್ದ 2. ಎಣಿಕೆ ಎಷ್ಟು? ಮೊದಲ 1 ತೆಗೆದುಕೊಂಡರೆ ಒಂದು, ಎರಡನೇ 1 ತೆಗೆದುಕೊಂಡರೆ ಇನ್ನೊಂದು, ಹೀಗೆ ಜಾಗ ನೋಡಿ ಎಣಿಸಿದರೆ 2. ಸಂಖ್ಯೆಗಳನ್ನಷ್ಟೇ ನೋಡಿದರೆ ಎರಡೂ "1, 2" ಅನ್ನುವ ಒಂದೇ ಸಾಲು, ಹಾಗಾಗಿ 1. ಸಾಮಾನ್ಯವಾಗಿ ಕೇಳುವುದು ಮೊದಲನೆಯದನ್ನು. ಇಲ್ಲಿ ನಾನು ಹೇಳುವುದೆಲ್ಲ ಅದಕ್ಕೇ. ನಿಮ್ಮ ಪ್ರಶ್ನೆ ಎರಡನೆಯದಾಗಿದ್ದರೆ ಕೋಡಿನಲ್ಲಿ ದೋಷ ಇಲ್ಲದೆಯೂ ಉತ್ತರ ತಪ್ಪಾಗುತ್ತದೆ, ಸುಮ್ನೆ ಗಂಟೆಗಟ್ಟಲೆ ಹುಡುಕಿ ಸುಸ್ತಾಗುತ್ತೀರಿ.

ಸರಿಯಾದ ರೂಪ ಹೇಗಿರುತ್ತದೆ

ಹೋಲಿಸಿ ನೋಡಲು ಒಂದು ಸರಿಯಾದ ಕೋಡ್ ಮುಂದಿರಬೇಕು. ಪ್ರತಿ ಜಾಗ `i`ಗೂ ನಾವು ಎರಡು ಸಂಗತಿ ಇಟ್ಟುಕೊಳ್ಳುತ್ತೇವೆ. ಅಲ್ಲಿಗೆ ಮುಗಿಯುವ ಏರಿಕೆಯ ಸರಣಿಗಳಲ್ಲಿ ಅತಿ ಉದ್ದದ್ದು ಎಷ್ಟು ಉದ್ದ ಅನ್ನುವುದು `L[i]`. ಅಷ್ಟು ಉದ್ದದವು ಅಲ್ಲಿಗೆ ಎಷ್ಟು ಮುಗಿಯುತ್ತವೆ ಅನ್ನುವುದು `C[i]`.

```python
for i in range(n):
    L[i], C[i] = 1, 1
    for j in range(i):
        if a[j] < a[i]:
            if L[j] + 1 > L[i]:
                L[i], C[i] = L[j] + 1, C[j]
            elif L[j] + 1 == L[i]:
                C[i] += C[j]
```

ಇದನ್ನು ಎರಡು ಬೇರೆ ಬೇರೆ ಅರೇ ಅಂತ ಬರೆದಿದ್ದರೂ ಮನಸ್ಸಿನಲ್ಲಿ ಒಂದೇ ಜೋಡಿ ಅಂತ ಇಟ್ಟುಕೊಳ್ಳಿ. ಎಣಿಕೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದು "ಈ ಉದ್ದದವು ಇಷ್ಟು" ಅನ್ನುವ ಮಾತು. ಉದ್ದ ಬದಲಾದ ಕ್ಷಣ ಹಳೆಯ ಎಣಿಕೆ ಯಾವುದಕ್ಕೂ ಸೇರದ ಸಂಖ್ಯೆಯಾಗುತ್ತದೆ. ಈ ಬರಹದಲ್ಲಿ ಬರುವ ಹೆಚ್ಚಿನ ದೋಷಗಳು ಹುಟ್ಟುವುದು ಇಲ್ಲಿಂದಲೇ: ಜೋಡಿಯ ಒಂದು ಭಾಗ ಮುಂದೆ ಹೋಗಿರುತ್ತದೆ, ಇನ್ನೊಂದು ಹಿಂದೆಯೇ ಉಳಿದಿರುತ್ತದೆ.

ಎಲ್ಲರೂ ಬಳಸುವ ಉದಾಹರಣೆ ದೋಷ ತೋರಿಸುವುದಿಲ್ಲ

ಈ ಲೆಕ್ಕಕ್ಕೆ ಎಲ್ಲ ಕಡೆ ಸಿಗುವ ಉದಾಹರಣೆ `[1, 3, 5, 4, 7]`. ಉತ್ತರ 2: ಒಂದು 1, 3, 5, 7, ಇನ್ನೊಂದು 1, 3, 4, 7. ನಾನು ಈ ಕೋಡನ್ನು ಮೊದಲ ಸಲ ಬರೆದಾಗ ಇದೇ ಉದಾಹರಣೆ ನೋಡಿ ನಿಶ್ಚಿಂತೆಯಿಂದ ಮುಂದೆ ಹೋಗಿದ್ದೆ. ನನ್ನ ಕೋಡಿನಲ್ಲಿ `C[i] = C[j]` ಬದಲು `C[i] = 1` ಇತ್ತು. ಹೊಸ ಉದ್ದ ಸಿಕ್ಕಿತು, ಎಣಿಕೆ ಮತ್ತೆ ಒಂದರಿಂದ ಶುರು ಅಂತ ಅಂದುಕೊಂಡಿದ್ದೆ. ಆದರೂ ಉತ್ತರ 2 ಬಂತು.

ಯಾಕೆ ಅಂತ ನೋಡಿ. ಈ ಅರೇಯಲ್ಲಿ 7ಕ್ಕೆ ಬರುವ ತನಕ ಎಲ್ಲರ ಎಣಿಕೆಯೂ 1. ಆದ್ದರಿಂದ `C[j]` ಬರೆದರೂ 1, ನೇರವಾಗಿ 1 ಬರೆದರೂ 1. 5ರಿಂದ 7ಕ್ಕೆ ಬಂದಾಗ 1, 4ರಿಂದ ಬಂದಾಗ ಇನ್ನೊಂದು ಸೇರಿ 2. `C[i] += C[j]` ಬದಲು `C[i] += 1` ಅಂತ ಬರೆದಿದ್ದರೂ ಇದೇ 2. ಕವಲು ಒಡೆಯುವುದು ಒಂದೇ ಕಡೆ, ಅದು ಕೂಡುವುದು ಕೊನೆಯ ಸಂಖ್ಯೆಯಲ್ಲಿ. ಕೂಡಿದ ಮೇಲೆ ಆ ಎಣಿಕೆಯನ್ನು ಹೊತ್ತು ಮುಂದೆ ಸಾಗುವ ಕೆಲಸವೇ ಇಲ್ಲಿ ಬರುವುದಿಲ್ಲ. ದೋಷ ಇರುವುದು ಆ ಹೊರುವ ಕೆಲಸದಲ್ಲಿ, ಅಲ್ವಾ?

ನಮಗೆ ಬೇಕಾದದ್ದು ಬೇಗ ಕವಲೊಡೆದು, ಮತ್ತೆ ಕವಲೊಡೆದು, ಆಮೇಲೆ ಕೂಡುವ ಅರೇ. ನಾನು ಈಗ ಯಾವಾಗಲೂ ಇದನ್ನು ಕೊಟ್ಟು ನೋಡುತ್ತೇನೆ: `[2, 1, 4, 3, 5]`. ಮೊದಲ ಎರಡರಲ್ಲಿ ಒಂದು, ಮುಂದಿನ ಎರಡರಲ್ಲಿ ಒಂದು, ಕೊನೆಗೆ 5. ಹಾಗಾಗಿ 2, 4, 5. 2, 3, 5. 1, 4, 5. 1, 3, 5, ಒಟ್ಟು 4. ಕಾಗದದ ಮೇಲೆ ಒಂದು ನಿಮಿಷದಲ್ಲಿ ಜೋಡಿಗಳನ್ನು ಬರೆಯಬಹುದು:

```
2 -> (1, 1)
1 -> (1, 1)
4 -> (2, 2)
3 -> (2, 2)
5 -> (3, 4)
```

ಇದರ ಒಳ್ಳೆಯ ಗುಣ ಏನೆಂದರೆ, ಬೇರೆ ಬೇರೆ ದೋಷಕ್ಕೆ ಬೇರೆ ಬೇರೆ ತಪ್ಪು ಉತ್ತರ ಕೊಡುತ್ತದೆ. ನಿಮ್ಮ ಕೋಡ್ 4ರ ಬದಲು ಏನು ಕೊಟ್ಟಿತು ಅಂತ ನೋಡಿ ಮುಂದೆ ಓದಿ.

3 ಅಥವಾ 2 ಬಂದರೆ: ಎಣಿಕೆ ಕಳೆದುಹೋಗುತ್ತಿದೆ

3 ಬಂದರೆ ಎರಡು ಸಾಲುಗಳಲ್ಲಿ ಒಂದು ತಪ್ಪಾಗಿದೆ. ಹೊಸ ಉದ್ದ ಸಿಕ್ಕಾಗ `C[i] = 1` ಮಾಡಿದ್ದೀರಿ, ಇಲ್ಲವೇ ಉದ್ದ ಸಮವಾದಾಗ `C[i] += 1` ಮಾಡಿದ್ದೀರಿ. ಎರಡೂ ತಪ್ಪಾಗಿದ್ದರೆ 2 ಬರುತ್ತದೆ.

ಮೊದಲನೆಯ ತಪ್ಪಿನಲ್ಲಿ 5 ಏನು ಮಾಡುತ್ತದೆ ನೋಡಿ. 4ರಿಂದ ಬಂದಾಗ ಉದ್ದ 3 ಆಗುತ್ತದೆ. 4ರ ಹತ್ತಿರ ಎರಡು ದಾರಿ ಇದ್ದರೂ 5 ಒಂದನ್ನೇ ಬರೆದುಕೊಳ್ಳುತ್ತದೆ. ಆಮೇಲೆ 3ರಿಂದ ಬಂದಾಗ ಉದ್ದ ಸಮ, ಅದರ ಎರಡು ದಾರಿಗಳನ್ನು ಸರಿಯಾಗಿ ಕೂಡಿಸುತ್ತದೆ. 1 + 2, ಒಟ್ಟು 3. ಎರಡನೆಯ ತಪ್ಪಿನಲ್ಲಿ ಇದೇ ತಿರುಗಿ 2 + 1 ಆಗುತ್ತದೆ. ಉತ್ತರ ಒಂದೇ ಆದ್ದರಿಂದ ಇವೆರಡನ್ನು ಬೇರೆ ಮಾಡಲು ಇನ್ನೂ ಚಿಕ್ಕ ಅರೇ ಬೇಕು: `[2, 1, 3, 4]`. ಸರಿಯಾದ ಉತ್ತರ 2. ಮೊದಲನೆಯ ತಪ್ಪಿದ್ದರೆ 1 ಬರುತ್ತದೆ, ಎರಡನೆಯದಿದ್ದರೆ 2 ಬಂದು ಪಾಸಾಗುತ್ತದೆ.

ತಪ್ಪಿನ ಬೇರು ಒಂದೇ. `C[j]` ಅಂದರೆ `j`ಗೆ ಬಂದು ಸೇರಿರುವ ದಾರಿಗಳ ಸಂಖ್ಯೆ. ಅವೆಲ್ಲವೂ ಒಂದು ಹೆಜ್ಜೆ ಉದ್ದವಾಗಿ `i`ಗೆ ಬರುತ್ತವೆ. ಹೆಜ್ಜೆ ಒಂದೇ, ಬರುವವರು ಹಲವರು. ಹಾಗಾಗಿ ಉದ್ದಕ್ಕೆ ಒಂದು ಕೂಡುತ್ತದೆ, ಎಣಿಕೆ ಇದ್ದ ಹಾಗೇ ದಾಟುತ್ತದೆ.

ಉತ್ತರ 0 ಬಂದರೆ ಇಷ್ಟು ದೂರ ಹೋಗಬೇಕಿಲ್ಲ, ಶುರುವಿನಲ್ಲಿ `C[i]` 0 ಇಟ್ಟಿದ್ದೀರಿ.

9 ಬಂದರೆ: ಒಂದೇ ದಾರಿ ಎರಡು ಸಲ ಸೇರುತ್ತಿದೆ

ಇದು `elif` ಬದಲು `if` ಬರೆದಾಗ ಆಗುವುದು. ಮೊದಲ `if` ಒಳಗೆ `L[i]` ಬದಲಾಗಿ `L[j] + 1` ಆಗುತ್ತದೆ. ಕೂಡಲೇ ಎರಡನೇ `if` ಕೇಳುತ್ತದೆ: `L[j] + 1 == L[i]` ಹೌದಾ? ಈಗ ತಾನೇ ಸಮ ಮಾಡಿದ್ದೀರಿ, ಹಾಗಾಗಿ ಹೌದು. ಅದೇ `C[j]` ಇನ್ನೊಮ್ಮೆ ಕೂಡಿಕೊಳ್ಳುತ್ತದೆ.

ಇದರ ಗುರುತು ಎಷ್ಟು ಸ್ಪಷ್ಟ ಅಂದರೆ `[1, 2, 3, 4]` ಕೊಟ್ಟರೆ ಸಾಕು. ಸರಿಯಾದ ಉತ್ತರ 1. ಈ ದೋಷ ಇದ್ದರೆ 8 ಬರುತ್ತದೆ. ಐದು ಸಂಖ್ಯೆ ಕೊಟ್ಟರೆ 16, ಆರು ಕೊಟ್ಟರೆ 32. ಸುಮ್ಮನೆ ಏರುತ್ತಾ ಹೋಗುವ ಅರೇಗೆ ಎರಡರ ಘಾತ ಬರುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ಇಲ್ಲೊಂದು ಸೂಕ್ಷ್ಮ ಇದೆ. ಎರಡು `if` ಬರೆದು, ಸಮ ಇದೆಯಾ ಅನ್ನುವುದನ್ನು ಮೊದಲು ಕೇಳಿ, ದೊಡ್ಡದಾ ಅನ್ನುವುದನ್ನು ಆಮೇಲೆ ಕೇಳಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಸಮ ಇದ್ದಾಗ ಕೂಡಿಸುತ್ತದೆ, ಉದ್ದ ಬದಲಾಗದ್ದರಿಂದ ಮುಂದಿನ ಪ್ರಶ್ನೆ ಸುಳ್ಳಾಗುತ್ತದೆ. ಹೀಗೆ ಬರೆದ ಕೋಡು ಎಷ್ಟೋ ದಿನ ಚೆನ್ನಾಗಿ ನಡೆದು, ಯಾರೋ ಓದಲು ಸುಲಭವಾಗಲಿ ಅಂತ ಎರಡು ಸಾಲು ಅದಲು ಬದಲು ಮಾಡಿದ ದಿನ ಕೆಡುತ್ತದೆ. ಅದಕ್ಕೇ `elif` ಬರೆಯುವುದೇ ಕ್ಷೇಮ.

4 ಬಂದರೂ ಫೇಲ್ ಆಗುತ್ತಿದ್ದರೆ: ಕೊನೆಯ ಕೂಡಿಕೆ ನೋಡಿ

`[2, 1, 4, 3, 5]`ರಲ್ಲಿ ಅತಿ ಉದ್ದದ ಸರಣಿಗಳೆಲ್ಲ 5ಕ್ಕೇ ಮುಗಿಯುತ್ತವೆ. ಆದ್ದರಿಂದ ಕೊನೆಯಲ್ಲಿ ಏನು ಓದುತ್ತೀರಿ ಅನ್ನುವ ತಪ್ಪು ಇದರಲ್ಲಿ ಕಾಣುವುದಿಲ್ಲ. ಅದಕ್ಕೆ `[5, 4, 3, 2, 1]` ಕೊಡಿ. ಪ್ರತಿ ಸಂಖ್ಯೆಯೂ ಒಂಟಿಯಾಗಿ ಉದ್ದ 1ರ ಸರಣಿ, ಆದ್ದರಿಂದ ಉತ್ತರ 5. 1 ಬಂದರೆ ನೀವು ಕೊನೆಯ `C[i]` ಮಾತ್ರ ಓದುತ್ತಿದ್ದೀರಿ, ಅಥವಾ ಅತಿ ಉದ್ದ ಮೊದಲು ಸಿಕ್ಕ ಜಾಗದ್ದನ್ನಷ್ಟೇ ಓದುತ್ತಿದ್ದೀರಿ. ಬೇಕಾದದ್ದು `L[i]` ಅತಿ ದೊಡ್ಡದಾಗಿರುವ ಎಲ್ಲ ಜಾಗಗಳ `C[i]` ಮೊತ್ತ.

ಈ ಮೊತ್ತ ಬರೆಯುವುದೇ ಬೇಡ ಅನ್ನಿಸಿದರೆ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಅರೇಯ ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಒಂದು ಸಂಖ್ಯೆ ಅಂಟಿಸಿ. ಎಲ್ಲ ಅತಿ ಉದ್ದದ ಸರಣಿಗಳೂ ಅದಕ್ಕೆ ಬಂದು ಸೇರುತ್ತವೆ. ಅದರ `C` ಓದಿದರೆ ಉತ್ತರ ಸಿಕ್ಕಿತು, ಉದ್ದದಲ್ಲಿ ಒಂದು ಕಳೆಯಬೇಕು ಅಷ್ಟೇ. ಜೋಡಿಗಳನ್ನು ಕೂಡಿಸುವ ನಿಯಮ ಒಂದೇ ಕಡೆ ಇರುತ್ತದೆ, ಕೊನೆಯಲ್ಲಿ ಅದನ್ನೇ ಇನ್ನೊಮ್ಮೆ ಬರೆದು ತಪ್ಪು ಮಾಡುವ ಅವಕಾಶ ಇರುವುದಿಲ್ಲ.

ಸಮ ಸಂಖ್ಯೆಗಳಿಗೆ `[2, 2, 2, 2, 2]` ಕೊಡಿ. ಉತ್ತರ ಉದ್ದ 1, ಎಣಿಕೆ 5. ಉದ್ದ 5, ಎಣಿಕೆ 1 ಬಂದರೆ ಎಲ್ಲೋ `<` ಬದಲು `<=` ಇದೆ.

ಮರ ಬಳಸಿದ ಕೋಡು: 6 ಬಂದರೆ

ಅರೇಯಲ್ಲಿ ಲಕ್ಷ ಸಂಖ್ಯೆ ಇದ್ದರೆ ಎರಡು ಲೂಪಿನ ಕೋಡು ಸುಮಾರು 500 ಕೋಟಿ ಜೋಡಿಗಳನ್ನು ಹೋಲಿಸಬೇಕಾಗುತ್ತದೆ, ಆಗದ ಮಾತು. ಆಗ ಫೆನ್‌ವಿಕ್ ಟ್ರೀ ಅಥವಾ ಸೆಗ್ಮೆಂಟ್ ಟ್ರೀ ಬಳಸುತ್ತೇವೆ. ಸಂಖ್ಯೆಗಳಿಗೆ ಚಿಕ್ಕದರಿಂದ ದೊಡ್ಡದಕ್ಕೆ 1, 2, 3 ಅಂತ ರ‍್ಯಾಂಕ್ ಕೊಟ್ಟು, ಆ ರ‍್ಯಾಂಕಿನ ಜಾಗದಲ್ಲಿ ಜೋಡಿ ಇಡುತ್ತೇವೆ. ಹೊಸ ಸಂಖ್ಯೆ ಬಂದಾಗ ಅದಕ್ಕಿಂತ ಕಡಿಮೆ ರ‍್ಯಾಂಕಿನ ಎಲ್ಲ ಜೋಡಿಗಳನ್ನು ಒಟ್ಟುಗೂಡಿಸಿ ಕೇಳುತ್ತೇವೆ. ಒಟ್ಟುಗೂಡಿಸುವ ನಿಯಮ ಇಷ್ಟೇ:

```python
def merge(p, q):
    if p[0] > q[0]: return p
    if p[0] < q[0]: return q
    return (p[0], p[1] + q[1])
```

ಇದನ್ನು ಬರೆಯುವಾಗ ಹೆಚ್ಚು ಜನ ತಪ್ಪುವುದಿಲ್ಲ. ತಪ್ಪುವುದು ಖಾಲಿ ಜಾಗದಲ್ಲಿ. ಇನ್ನೂ ಯಾವ ಸಂಖ್ಯೆಯೂ ಬಂದಿಲ್ಲದ ಜಾಗದಲ್ಲಿ ಯಾವ ಜೋಡಿ ಇಡಬೇಕು? ಉದ್ದ 0, ಸರಿ. ಎಣಿಕೆ? ಮೊದಲ ಸಂಖ್ಯೆಗೆ ಎಣಿಕೆ 1 ಬರಬೇಕು, ಆದ್ದರಿಂದ `(0, 1)` ಇಡೋಣ ಅನ್ನಿಸುತ್ತದೆ. ಫೆನ್‌ವಿಕ್ ಟ್ರೀ ಪೂರ್ತಿ `(0, 1)` ತುಂಬಿಸಿ, ಪ್ರಶ್ನೆ ಕೇಳುವಾಗಲೂ `(0, 1)`ರಿಂದ ಶುರು ಮಾಡಿ `[2, 1, 4, 3, 5]` ಓಡಿಸಿದರೆ ಹೀಗೆ ಬರುತ್ತದೆ:

```
2 -> (1, 2)
1 -> (1, 1)
4 -> (2, 3)
3 -> (2, 3)
5 -> (3, 6)
```

ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. 2 ಅರೇಯ ಮೊದಲ ಸಂಖ್ಯೆ. ಅದಕ್ಕಿಂತ ಮುಂಚೆ ಏನೂ ಇಲ್ಲ. ಆದರೂ ಅದಕ್ಕೆ ಎಣಿಕೆ 2. ಏನಾಯಿತು ಅಂದರೆ, 2ರ ರ‍್ಯಾಂಕ್ 2, ಹಾಗಾಗಿ ರ‍್ಯಾಂಕ್ 1ರವರೆಗಿನದನ್ನು ಕೇಳಿತು. ಶುರುವಿನ `(0, 1)` ಕೈಯಲ್ಲಿತ್ತು. ರ‍್ಯಾಂಕ್ 1ರ ಖಾಲಿ ಜಾಗದಲ್ಲಿ ಇನ್ನೊಂದು `(0, 1)` ಸಿಕ್ಕಿತು. ಎರಡರ ಉದ್ದವೂ 0, ಸಮ. ನಿಯಮದ ಪ್ರಕಾರ ಎಣಿಕೆಗಳು ಕೂಡಿ `(0, 2)`. ಆ ಒಂದು ಹೆಚ್ಚಿನ ಎಣಿಕೆ 4ಕ್ಕೂ 3ಕ್ಕೂ ಹರಿದು ಕೊನೆಗೆ 4ರ ಜಾಗದಲ್ಲಿ 6 ಆಯಿತು. 1 ಮಾತ್ರ ಸರಿ ಬಂದದ್ದು ಯಾಕೆಂದರೆ ಅದರ ಕೆಳಗೆ ನೋಡಲು ಜಾಗವೇ ಇಲ್ಲ.

ಇದೇ ಕೋಡಿಗೆ `[1, 2, 3, 4, 5]` ಕೊಟ್ಟರೆ 1 ಬರುತ್ತದೆ, ಸರಿಯಾದ ಉತ್ತರ. `[5, 4, 3, 2, 1]` ಕೊಟ್ಟರೆ 5ರ ಬದಲು 10 ಬರುತ್ತದೆ. ಎಷ್ಟು ಹೆಚ್ಚು ಬರುತ್ತದೆ ಅನ್ನುವುದು ಸಂಖ್ಯೆಗಳ ರ‍್ಯಾಂಕ್ ಮೇಲೆ, ಪ್ರಶ್ನೆ ಕೇಳುವಾಗ ಎಷ್ಟು ಖಾಲಿ ಗಂಟುಗಳನ್ನು ದಾಟುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ತಪ್ಪು ಉತ್ತರಗಳಲ್ಲಿ ಯಾವ ಲಯವೂ ಕಾಣುವುದಿಲ್ಲ, ನೋಡಿದವರಿಗೆ ತಲೆ ಕೆಡುತ್ತದೆ. ಇದನ್ನು ಹಿಡಿಯಲು ಒಂದೇ ಪರೀಕ್ಷೆ ಸಾಕು: ಉದ್ದ 1 ಇರುವ ಯಾವ ಸಂಖ್ಯೆಗೂ ಎಣಿಕೆ 1 ಬಿಟ್ಟು ಬೇರೆ ಇರಬಾರದು. ಒಂದು ಜಾಗಕ್ಕೆ ಮುಗಿಯುವ, ಒಂದೇ ಸಂಖ್ಯೆಯ ಸರಣಿ ಒಂದೇ ಇರಲು ಸಾಧ್ಯ. ಪ್ರತಿ ಸಂಖ್ಯೆಯ ಜೋಡಿಯನ್ನು ಮುದ್ರಿಸಿ, `(1, 2)` ಅಥವಾ `(1, 3)` ಕಂಡರೆ ದೋಷ ಇಲ್ಲೇ ಇದೆ.

ಪರಿಹಾರ ಹುಡುಕುವಾಗ `(0, 1)` ಅಂದರೆ ನಿಜಕ್ಕೂ ಏನು ಅಂತ ಕೇಳಿಕೊಳ್ಳಿ. ಅದು ಖಾಲಿ ಸರಣಿ, ಯಾವ ಸಂಖ್ಯೆಯನ್ನೂ ಆರಿಸದೆ ಇರುವ ಒಂದು ಬಗೆ. ಅಂಥದ್ದು ಜಗತ್ತಿನಲ್ಲಿ ಒಂದೇ ಒಂದು ಇದೆ. ಮರದ ಪ್ರತಿ ಖಾಲಿ ಜಾಗದಲ್ಲೂ ಅದನ್ನು ಇಟ್ಟರೆ ಒಂದನ್ನು ನೂರು ಮಾಡಿದ ಹಾಗೆ. ಖಾಲಿ ಜಾಗ ಅಂದರೆ ಅಲ್ಲಿ ಯಾವ ಸರಣಿಯೂ ಇಲ್ಲ, ಖಾಲಿ ಸರಣಿಯೂ ಇಲ್ಲ. ಆದ್ದರಿಂದ ಮರದ ತುಂಬ `(0, 0)`, ಖಾಲಿ ಸರಣಿ ಒಂದೇ ಕಡೆ. ಇಲ್ಲಿ `m` ಅಂದರೆ ಅತಿ ದೊಡ್ಡ ರ‍್ಯಾಂಕ್:

```python
t = [(0, 0)] * (m + 1)

def query(i):
    r = (0, 1)
    while i > 0:
        r = merge(r, t[i])
        i -= i & -i
    return r

def update(i, p):
    while i <= m:
        t[i] = merge(t[i], p)
        i += i & -i
```

ಖಾಲಿ ಗಂಟುಗಳನ್ನು ಎಷ್ಟು ದಾಟಿದರೂ `(0, 1)` ಹಾಗೆಯೇ ಉಳಿಯುತ್ತದೆ. ಉದ್ದ 1 ಅಥವಾ ಜಾಸ್ತಿ ಇರುವ ನಿಜವಾದ ಜೋಡಿ ಸಿಕ್ಕ ಕೂಡಲೇ ಅದು ತಾನಾಗಿ ಬಿದ್ದುಹೋಗುತ್ತದೆ. ರ‍್ಯಾಂಕ್ `r` ಇರುವ ಸಂಖ್ಯೆಗೆ `l, c = query(r - 1)`, ಆಮೇಲೆ `update(r, (l + 1, c))`. ಕೊನೆಗೆ `query(m)` ಉತ್ತರ. ಎಲ್ಲೂ ವಿಶೇಷ ಷರತ್ತು ಇಲ್ಲ.

ಒಂದೇ ಸಂಖ್ಯೆ ಮತ್ತೆ ಬಂದಾಗ `update` ಏನು ಮಾಡುತ್ತದೆ ಅನ್ನುವುದನ್ನೂ ನೋಡಿ. ಮೇಲಿನ ಕೋಡು ಹಳೆಯ ಜೋಡಿಯ ಜೊತೆ ಹೊಸದನ್ನು ಕೂಡಿಸುತ್ತದೆ. ಸೆಗ್ಮೆಂಟ್ ಟ್ರೀ ಬರೆಯುವವರು ಅಭ್ಯಾಸಬಲದಿಂದ ಎಲೆಯಲ್ಲಿ ಇದ್ದುದನ್ನು ಅಳಿಸಿ ಹೊಸದನ್ನು ಬರೆದುಬಿಡುತ್ತಾರೆ. ಆಗ `[1, 1, 2]`ಕ್ಕೆ 2ರ ಬದಲು 1 ಬರುತ್ತದೆ. ಮೊದಲ 1 ಕಾಣೆಯಾಗಿರುತ್ತದೆ. ಆದರೆ ಕುತೂಹಲದ ಸಂಗತಿ ಏನೆಂದರೆ, ಸಂಖ್ಯೆಗಳ ಸಾಲನ್ನಷ್ಟೇ ಎಣಿಸಿ ಅನ್ನುವ ಆ ಇನ್ನೊಂದು ಪ್ರಶ್ನೆಗೆ ಇದೇ ಸರಿಯಾದ ಉತ್ತರ. ಮೊದಲು ಬಂದ 1ಕ್ಕೆ ಮುಗಿಯುವ ಯಾವ ಸಾಲನ್ನಾದರೂ ಆಮೇಲೆ ಬಂದ 1ಕ್ಕೂ ಮುಗಿಸಬಹುದು, ಹಾಗಾಗಿ ಹೊಸದು ಹಳೆಯದನ್ನು ಒಳಗೊಂಡಿರುತ್ತದೆ. ಒಂದೇ ಸಾಲು ಒಂದು ಪ್ರಶ್ನೆಗೆ ದೋಷ, ಇನ್ನೊಂದಕ್ಕೆ ಪರಿಹಾರ. ಪ್ರಶ್ನೆ ಇನ್ನೊಮ್ಮೆ ಓದಿ ಅಂದದ್ದು ಇದಕ್ಕೇ.

ಒಂದೇ ಒಂದು ದೊಡ್ಡ ಟೆಸ್ಟ್ ಫೇಲ್ ಆದರೆ: ಮಾಡ್ಯುಲೋ ಮತ್ತು ಸೊನ್ನೆ

ಎಣಿಕೆ ತುಂಬ ದೊಡ್ಡದಾಗುವುದರಿಂದ 1000000007ರಿಂದ ಭಾಗಿಸಿ ಉಳಿಕೆ ಕೊಡಿ ಅಂತ ಹಲವು ಕಡೆ ಕೇಳುತ್ತಾರೆ. ಇಲ್ಲಿ ಒಂದು ದೋಷ ಬಹಳ ದಿನ ಅಡಗಿ ಕೂರಬಲ್ಲದು. ಖಾಲಿ ಸರಣಿಯನ್ನು ಮೇಲಿನ ಹಾಗೆ ಇಡದೆ, `query` ಕೂಡ `(0, 0)`ರಿಂದ ಶುರು ಮಾಡಿ, ಆಮೇಲೆ ಹೀಗೆ ಬರೆಯುವವರಿದ್ದಾರೆ:

```python
l, c = query(r - 1)
if c == 0:
    l, c = 0, 1
```

"ಎಣಿಕೆ 0 ಅಂದರೆ ಕೆಳಗೆ ಏನೂ ಸಿಗಲಿಲ್ಲ, ಆದ್ದರಿಂದ ಇದು ಹೊಸ ಆರಂಭ" ಅನ್ನುವ ಯೋಚನೆ. ಮಾಡ್ಯುಲೋ ಇಲ್ಲದಿದ್ದರೆ ಇದು ನಿಜ. ಮಾಡ್ಯುಲೋ ಬಂದ ಮೇಲೆ ಅಲ್ಲ. ನಿಜವಾದ ಎಣಿಕೆ 1000000007ರ ಗುಣಕವಾಗಿದ್ದರೆ ಉಳಿಕೆ 0 ಆಗುತ್ತದೆ. ಕೆಳಗೆ ನೂರು ಕೋಟಿಗೂ ಹೆಚ್ಚು ಸರಣಿಗಳಿದ್ದರೂ ಕೋಡು ಅದನ್ನು ಖಾಲಿ ಅಂದುಕೊಳ್ಳುತ್ತದೆ, ಉದ್ದವನ್ನೇ 0ಗೆ ಇಳಿಸಿಬಿಡುತ್ತದೆ. ಶುರುವಿನಲ್ಲಿ ಹೇಳಿದ, ಉದ್ದವೂ ಕೆಡುವ ಸಂದರ್ಭ ಇದೇ.

ಅಷ್ಟು ದೊಡ್ಡ ಸಂಖ್ಯೆಯಲ್ಲಿ ಇದು ಅಪರೂಪಕ್ಕೆ ಆಗುತ್ತದೆ, ಹಾಗಾಗಿ ಸುಮ್ಮನೆ ಟೆಸ್ಟ್ ಓಡಿಸಿದರೆ ಸಿಗುವುದಿಲ್ಲ. ಹಿಡಿಯಲು ಮಾಡ್ಯುಲೋ ಸಂಖ್ಯೆಯನ್ನು 2 ಮಾಡಿ `[2, 1, 3]` ಕೊಡಿ. ನಿಜವಾದ ಉದ್ದ 2, ಎಣಿಕೆ 2, ಅಂದರೆ ಉಳಿಕೆ 0. ದೋಷ ಇರುವ ಕೋಡಿನಲ್ಲಿ 3 ತನ್ನ ಕೆಳಗೆ `(1, 0)` ಕಂಡು ತನ್ನನ್ನೇ ಆರಂಭ ಅಂದುಕೊಂಡು `(1, 1)` ಆಗುತ್ತದೆ. ಕೊನೆಗೆ ಉದ್ದ 1 ಅಂತ ಬರುತ್ತದೆ. ಮೂರೇ ಸಂಖ್ಯೆಯಲ್ಲಿ ಸಿಕ್ಕಿಬಿತ್ತು. ಏನೂ ಇಲ್ಲ ಅನ್ನುವುದನ್ನು ಉದ್ದ ನೋಡಿ ತೀರ್ಮಾನಿಸಬೇಕು, ಎಣಿಕೆ ನೋಡಿ ಅಲ್ಲ.

ಮಾಡ್ಯುಲೋ ಕೇಳದಿದ್ದರೆ ಓವರ್‌ಫ್ಲೋ ಕಡೆ ಗಮನ ಇರಲಿ. `[3, 2, 1, 6, 5, 4, 9, 8, 7, ...]` ಅಂತ ಮೂರು ಮೂರರ ಇಳಿಕೆಯ ಗುಂಪುಗಳನ್ನು ಏರಿಕೆಯಲ್ಲಿ ಜೋಡಿಸಿ. ಪ್ರತಿ ಗುಂಪಿನಿಂದ ಒಂದು ಆರಿಸಬೇಕು, ಹಾಗಾಗಿ ಎಣಿಕೆ ಗುಂಪಿಗೊಮ್ಮೆ ಮೂರು ಪಟ್ಟಾಗುತ್ತದೆ. 60 ಸಂಖ್ಯೆಗೆ 3486784401, ಇದು 32 ಬಿಟ್‌ನ `int` ಮಿತಿಯಾದ 2147483647ನ್ನು ದಾಟಿತು. ಜಾವಾದಲ್ಲಿ -808182895 ಕಾಣುತ್ತದೆ. ಋಣ ಸಂಖ್ಯೆ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಇನ್ನೊಂದು ಗುಂಪು ಸೇರಿಸಿ 63 ಮಾಡಿದರೆ 1870418611 ಕಾಣುತ್ತದೆ, ನೋಡಲು ಸರಿಯಾದ ಉತ್ತರದ ಹಾಗೇ ಇದೆ, ನಿಜವಾದದ್ದು 10460353203. 64 ಬಿಟ್ ಬಳಸಿದರೂ ಇದೇ ಬಗೆಯ ಅರೇ 120 ಸಂಖ್ಯೆಗೆ ಮಿತಿ ದಾಟುತ್ತದೆ. ಪೈಥಾನ್‌ನಲ್ಲಿ ಈ ತೊಂದರೆ ಇಲ್ಲ, ಆದ್ದರಿಂದ ಎರಡು ಭಾಷೆಯ ಉತ್ತರ ಹೋಲಿಸುವುದು ಒಳ್ಳೆಯ ಪರೀಕ್ಷೆ.

ಇನ್ನೂ ಸಿಗದಿದ್ದರೆ

ಮೇಲಿನ ಯಾವುದೂ ಹೊಂದಲಿಲ್ಲ ಅಂದರೆ ಎಲ್ಲ ಉಪಸರಣಿಗಳನ್ನೂ ಒಂದೊಂದಾಗಿ ಎಣಿಸುವ, ನಿಧಾನವಾದರೂ ನಂಬಬಹುದಾದ ಕೋಡಿನ ಜೊತೆ ಹೋಲಿಸಿ:

```python
def brute(a):
    n = len(a)
    ways = [0] * (n + 1)
    for mask in range(1 << n):
        s = [a[i] for i in range(n) if mask >> i & 1]
        if all(x < y for x, y in zip(s, s[1:])):
            ways[len(s)] += 1
    best = max(k for k in range(n + 1) if ways[k])
    return best, ways[best]
```

ಇದರಲ್ಲಿ ಜೋಡಿ ಇಲ್ಲ, ಕೂಡಿಸುವ ನಿಯಮ ಇಲ್ಲ, ಹಾಗಾಗಿ ನಿಮ್ಮ ಕೋಡಿನ ದೋಷ ಇದಕ್ಕೆ ಅಂಟುವುದಿಲ್ಲ. ಯಾದೃಚ್ಛಿಕ ಅರೇಗಳನ್ನು ಕೊಡುವಾಗ ಒಂದು ಮಾತು ನೆನಪಿಡಿ. ಸಂಖ್ಯೆಗಳನ್ನು 1ರಿಂದ 1000000ವರೆಗೆ ಆರಿಸಿದರೆ ಒಂದೇ ಸಂಖ್ಯೆ ಎರಡು ಸಲ ಬರುವುದೇ ಕಷ್ಟ, ಸಮ ಸಂಖ್ಯೆಗಳ ದೋಷ ಎಂದೂ ಹೊರಬೀಳುವುದಿಲ್ಲ. ಉದ್ದ 1ರಿಂದ 8, ಸಂಖ್ಯೆಗಳು 1ರಿಂದ 5 ಇಟ್ಟುಕೊಳ್ಳಿ. 8 ಸಂಖ್ಯೆಗೆ 256 ಉಪಸರಣಿ, ಕ್ಷಣದಲ್ಲಿ ಮುಗಿಯುತ್ತದೆ, ಸಾವಿರಾರು ಅರೇ ನೋಡಬಹುದು. ಉದ್ದ 1ರಿಂದ ಶುರು ಮಾಡಿ ಏರಿಸುತ್ತಾ ಹೋದರೆ ಮೊದಲು ತಪ್ಪುವ ಅರೇ ಚಿಕ್ಕದಾಗಿಯೇ ಇರುತ್ತದೆ. ಅದು ಸಿಕ್ಕ ಮೇಲೆ ಪ್ರತಿ ಸಂಖ್ಯೆಯ ಜೋಡಿಯನ್ನು ಕೈಯಾರೆ ಒಂದು ಕಡೆ ಬರೆಯಿರಿ, ಕೋಡು ಮುದ್ರಿಸಿದ್ದನ್ನು ಪಕ್ಕದಲ್ಲಿ ಬರೆಯಿರಿ. ಎಡದಿಂದ ಓದುತ್ತಾ ಬಂದಾಗ ಮೊದಲು ಬೇರೆಯಾಗುವ ಜೋಡಿ ಯಾವುದೋ, ತಪ್ಪಿದ ಸಾಲು ಓಡಿದ್ದು ಆ ಸಂಖ್ಯೆಯ ಹೊತ್ತಿನಲ್ಲಿ ಅಥವಾ ಅದಕ್ಕಿಂತ ಮುಂಚಿನ `update`ನಲ್ಲಿ. ಮುಂದಿನ ಜೋಡಿಗಳು ತಪ್ಪಾಗಿದ್ದರೂ ಅವುಗಳನ್ನು ನೋಡಬೇಡಿ, ಅವು ಬರೀ ಅದನ್ನು ಹೊತ್ತು ಬಂದವು.